ಆಸ್ಟ್ರೇಲಿಯಾ ಸ್ಕಿಲ್ ಅಸೆಸ್‌ಮೆಂಟ್: ಎಚ್‌ಆರ್ ಅನುಭವವನ್ನು ರೆಸ್ಯೂಮೆಯಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ ಕೇಳಿದವರು:
ಮೇಡಂ, ನಾನು 2018ರ ಜೂನ್‌ನಿಂದ ಒಂದೇ ಕಂಪನಿಯಲ್ಲಿದ್ದೇನೆ. ಎಚ್‌ಆರ್‌ನಲ್ಲಿ ಎಂಬಿಎ ಮುಗಿಸಿಯೇ ಸೇರಿದ್ದು. ಕೌಶಲ್ಯ ಪರಿಶೀಲಿಸುವ ಸಂಸ್ಥೆ ವೆಟಾಸೆಸ್‌ಗೆ ಹುದ್ದೆ ಸಂಖ್ಯೆ 223111, ಅಂದರೆ ಹ್ಯೂಮನ್ ರಿಸೋರ್ಸ್ ಅಡ್ವೈಸರ್ ಅಂತ ಹಾಕಬೇಕು ಅಂದುಕೊಂಡಿದ್ದೇನೆ. ನನ್ನ ರೆಸ್ಯೂಮೆ ನೋಡಿದ ಸ್ನೇಹಿತರು "ಇದು ನಡೆಯಲ್ಲ, ಡ್ಯೂಟಿಗಳನ್ನು ವಿವರವಾಗಿ ಬರಿ" ಅಂದರು. ಎಷ್ಟು ವಿವರ ಬೇಕು? ಆಸ್ಟ್ರೇಲಿಯಾದ ಹುದ್ದೆಗಳ ವರ್ಗೀಕರಣವಾದ ಆನ್ಸ್‌ಕೊ ಪಟ್ಟಿಯಲ್ಲಿರುವ ಕೆಲಸಗಳನ್ನೇ ಹಾಕಿಬಿಟ್ಟರೆ ಆಗುತ್ತಾ? ಕಂಪನಿ ಮೂರು ಸಾಲಿನ ಲೆಟರ್ ಬಿಟ್ಟು ಬೇರೇನೂ ಕೊಡಲ್ಲ. ಏಳು ವರ್ಷ ದಾಟಿದೆ, ವೀಸಾ ಅಂಕದ ಲೆಕ್ಕದಲ್ಲಿ ಅನುಭವಕ್ಕೆ 10 ಅಂಕ ಸಿಗುತ್ತೆ ಅಲ್ವಾ?

ಉತ್ತರ (ಅಸೆಸ್‌ಮೆಂಟ್ ಫೈಲ್ ತಯಾರಿಸುವ ಕೆಲಸ ನನ್ನದು):
ಆನ್ಸ್‌ಕೊ ಪಟ್ಟಿಯನ್ನು ನಕಲು ಮಾಡಬೇಡಿ. ಅಸೆಸರ್ ಆ ಸಾಲುಗಳನ್ನು ದಿನಾ ಓದುತ್ತಾರೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಉಳಿದದ್ದು ಹೇಳುವ ಮೊದಲು ಒಂದು ವಿಷಯ ಬೇಕು. ಸೇರಿದ ದಿನದಿಂದ ನಿಮ್ಮ ಹುದ್ದೆ ಯಾವಾಗ ಯಾವಾಗ ಬದಲಾಯಿತು? ಒಂದೊಂದು ಹುದ್ದೆಯಲ್ಲಿ ನಿಜವಾಗಿ ಏನು ಮಾಡುತ್ತಿದ್ದಿರಿ? ಚಂದ ಮಾಡದೆ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಪ್ರಶ್ನೆ ಕೇಳಿದವರು:
2018 ಜೂನ್‌ನಿಂದ 2020 ಮಾರ್ಚ್‌ವರೆಗೆ ಅಡ್ಮಿನ್ ಎಕ್ಸಿಕ್ಯೂಟಿವ್. ಟಿಕೆಟ್ ಬುಕಿಂಗ್, ಆಫೀಸ್ ಸಾಮಾನು, ವೆಂಡರ್ ಬಿಲ್. 2020 ಏಪ್ರಿಲ್‌ನಿಂದ ಎಚ್‌ಆರ್ ಎಕ್ಸಿಕ್ಯೂಟಿವ್, 2022 ಜುಲೈನಿಂದ ಸೀನಿಯರ್ ಎಕ್ಸಿಕ್ಯೂಟಿವ್. ಎಚ್‌ಆರ್‌ನಲ್ಲಿ ಹಾಜರಾತಿ, ಸಿಬ್ಬಂದಿ ಫೈಲ್, ನೇಮಕಾತಿ, ಇಂಡಕ್ಷನ್, ದೂರುಗಳು, ಪಾಲಿಸಿ ವಿಷಯ, ಎಲ್ಲಾ ನೋಡ್ತೀನಿ. ರೆಸ್ಯೂಮೆಯಲ್ಲಿ "ಎಂಡ್ ಟು ಎಂಡ್ ಎಚ್‌ಆರ್ ಆಪರೇಷನ್ಸ್" ಅಂತ ಇದೆ. ಏಳು ವರ್ಷವೂ "ಸೀನಿಯರ್ ಎಕ್ಸಿಕ್ಯೂಟಿವ್" ಅಂತಲೇ ಹಾಕಿದ್ದೆ, ಈಗಿನ ಹುದ್ದೆ ಅದೇ ಅಲ್ವಾ.

ಇನ್ನೊಬ್ಬ ಸದಸ್ಯರು:
ಸರ್, ಪ್ರಾಜೆಕ್ಟ್ ವಿವರವಾಗಿ ಬರೆಯಿರಿ. ಒಂದೊಂದು ಎಪಿಸೋಡ್ 1000ದಿಂದ 2500 ಪದ ಇರಬೇಕು, ಒಟ್ಟು ಮೂರು. ನಾನು ಸಿವಿಲ್, ನನ್ನದು ಹಾಗೇ ಪಾಸಾಯ್ತು. "ನಾವು ಮಾಡಿದೆವು" ಅಂತ ಬರೆಯಲೇಬಾರದು, "ನಾನು ಮಾಡಿದೆ" ಅಂತಲೇ ಇರಬೇಕು.

ಉತ್ತರ:
ಸರ್, ನೀವು ಹೇಳ್ತಿರೋದು ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆ ಕೇಳುವ ಸಿಡಿಆರ್ ಅನ್ನುವ ವರದಿ. ಅದು ಎಂಜಿನಿಯರುಗಳಿಗೆ, ಇವರಿಗೆ ಅಲ್ಲ. ಆದರೆ "ನಾನು" ಅನ್ನುವ ಮಾತು ಇಲ್ಲೂ ಸರಿ.

ಈಗ ವಿಷಯಕ್ಕೆ ಬರೋಣ. ನಿಮ್ಮ ಫೈಲ್‌ಗೆ ದೊಡ್ಡ ಅಪಾಯ 599411, ಅಂದರೆ ಹ್ಯೂಮನ್ ರಿಸೋರ್ಸಸ್ ಕ್ಲರ್ಕ್. ಆನ್ಸ್‌ಕೊದಲ್ಲಿ ಅದು ಬೇರೆಯೇ ಹುದ್ದೆ, ಕೌಶಲ್ಯದ ಮಟ್ಟವೂ ಕೆಳಗಿನದು. ಹಾಜರಾತಿ, ಫೈಲ್, ಫಾರ್ಮ್ ತುಂಬುವುದು, ರಜೆ ಲೆಕ್ಕ ಎಲ್ಲವನ್ನೂ ಮೊದಲ ಸಾಲಿನಲ್ಲಿ ಬರೆದರೆ ಅಸೆಸರ್‌ಗೆ ಕ್ಲರ್ಕ್ ಕಾಣುತ್ತಾರೆ. ನೀವು ಮಾಡುವ ಬೇರೆ ಕೆಲಸ ಕೆಳಗೆ ಮುಚ್ಚಿಹೋಗುತ್ತದೆ. ಅದನ್ನು ತಪ್ಪಿಸೋಕೆ ಅಂತ ಎಲ್ಲವನ್ನೂ ದೊಡ್ಡದಾಗಿ ಬರೆದರೆ ಇನ್ನೊಂದು ಕಡೆ ಜಾರುತ್ತೀರಿ. ಆಗ ಅದು 132311, ಹ್ಯೂಮನ್ ರಿಸೋರ್ಸ್ ಮ್ಯಾನೇಜರ್ ಕೆಲಸದ ಹಾಗೆ ಕಾಣುತ್ತೆ, ನಿಮ್ಮ ಸಂಬಳ, ಹುದ್ದೆ ಎರಡೂ ಅದಕ್ಕೆ ಹೊಂದಲ್ಲ. ಅಡ್ವೈಸರ್ ಇವೆರಡರ ನಡುವಿನವರು. ನಿಯಮ ಗೊತ್ತಿದ್ದು, ವಿಷಯ ತೂಗಿ ನೋಡಿ, ಸಲಹೆ ಕೊಡುವವರು. ಬರಹದಲ್ಲಿ ಕಾಣಬೇಕಾದ್ದು ಅದು.

ಒಂದು ಡ್ಯೂಟಿ ತೆಗೆದುಕೊಳ್ಳೋಣ. ನೀವು "ದೂರುಗಳನ್ನು ನೋಡುತ್ತೇನೆ" ಅಂದಿರಿ. ಅದರಿಂದ ಅಸೆಸರ್‌ಗೆ ಏನೂ ತಿಳಿಯಲ್ಲ, ದೂರಿನ ಕಾಗದವನ್ನು ಫೈಲ್‌ಗೆ ಹಾಕುವವರೂ ಅದನ್ನೇ ಹೇಳಬಹುದು. ಇಂಗ್ಲಿಷಿನಲ್ಲಿ ಬರೆಯುವಾಗ ಸಾರ ಹೀಗಿರಲಿ: "ಎರಡು ಘಟಕಗಳ ಸಿಬ್ಬಂದಿಯಿಂದ ದೂರು ಬಂದಾಗ ಮೊದಲ ವಿಚಾರಣೆ ನಾನು ನಡೆಸುತ್ತೇನೆ. ಎರಡೂ ಕಡೆಯ ಹೇಳಿಕೆ ದಾಖಲಿಸಿ, ಕಂಪನಿ ನೀತಿಯ ಯಾವ ಅಂಶ ಅನ್ವಯಿಸುತ್ತದೆ ಎಂದು ನೋಡಿ, ಏನು ಕ್ರಮ ಕೈಗೊಳ್ಳಬಹುದು ಎಂದು ಎಚ್‌ಆರ್ ಮ್ಯಾನೇಜರ್‌ಗೆ ಲಿಖಿತ ಶಿಫಾರಸು ಕೊಡುತ್ತೇನೆ. ಅಂತಿಮ ತೀರ್ಮಾನ ಅವರದು." ಕೊನೆಯ ವಾಕ್ಯ ಬಿಡಬೇಡಿ. ಬರೆದರೆ ನನ್ನ ಕೆಲಸ ಸಣ್ಣದಾಗಿ ಕಾಣುತ್ತೆ ಅಂತ ಬಹಳ ಜನ ಅದನ್ನು ಅಳಿಸುತ್ತಾರೆ. ನಿಮ್ಮ ಅಧಿಕಾರ ಎಲ್ಲಿ ಮುಗಿಯುತ್ತದೆ ಅನ್ನುವುದು ಅಲ್ಲಿದೆ, ಉಳಿದ ಸಾಲುಗಳನ್ನು ನಂಬುವಂತೆ ಮಾಡುವುದೂ ಅದೇ. ನಾಳೆ ನಿಮ್ಮ ಮ್ಯಾನೇಜರ್‌ಗೆ ಫೋನ್ ಹೋಗಿ "ಇವರೇ ತೀರ್ಮಾನ ಮಾಡ್ತಾರಾ?" ಅಂತ ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ನಿಮ್ಮ ಮಾತು, ಅವರ ಮಾತು ಒಂದೇ ಆಗಿರಬೇಕು.

ಇದೇ ಥರ ಐದಾರು ಡ್ಯೂಟಿ ಸಾಕು. ಒಂದೊಂದಕ್ಕೂ ಯಾರಿಗಾಗಿ, ಯಾವ ಸಂದರ್ಭದಲ್ಲಿ, ನೀವು ಏನು ನಿರ್ಧರಿಸುತ್ತೀರಿ, ಕೊನೆಗೆ ಏನು ಕೈಗೆ ಸಿಗುತ್ತದೆ ಅಂತ ಬರಲಿ. ಹಾಜರಾತಿ, ಫೈಲ್ ಕೆಲಸವನ್ನು ಮುಚ್ಚಿಡಬೇಡಿ, ಕೊನೆಗೆ ಒಂದು ಸಾಲಿನಲ್ಲಿ ಹೇಳಿ. ಪ್ರತಿ ಡ್ಯೂಟಿಗೆ ಸಮಯದ ಪಾಲು ಹಾಕಿದರೆ ಒಳ್ಳೆಯದು. ಅದು ಕಡ್ಡಾಯ ಅಂತಲ್ಲ, ಆದರೆ ಹಾಗೆ ಬರೆಯುವಾಗ ನಿಮಗೇ ನಿಜ ಗೊತ್ತಾಗುತ್ತದೆ. ಅರ್ಧಕ್ಕಿಂತ ಜಾಸ್ತಿ ಸಮಯ ಫೈಲ್‌ಗೇ ಹೋಗ್ತಿದ್ದರೆ ರೆಸ್ಯೂಮೆ ಅದನ್ನು ಸರಿ ಮಾಡಲ್ಲ.

ಎರಡನೆಯದು ದಿನಾಂಕ. ಒಂದೇ ಕಂಪನಿಯಾದರೂ ಮೂರು ಹುದ್ದೆ, ಮೂರು ಭಾಗ ಮಾಡಿ. ಪ್ರತಿಯೊಂದಕ್ಕೂ ಆಗಿನ ಹುದ್ದೆಯ ಹೆಸರು, ಶುರುವಾದ ಮತ್ತು ಮುಗಿದ ದಿನ, ವಾರಕ್ಕೆ ಎಷ್ಟು ಗಂಟೆ, ಯಾರ ಕೆಳಗೆ ಅಂತ ಹಾಕಿ. ವಾರಕ್ಕೆ ಕನಿಷ್ಠ 20 ಗಂಟೆ, ಸಂಬಳದ ಕೆಲಸವೇ ಆಗಿರಬೇಕು. ಅಡ್ಮಿನ್ ಕಾಲವನ್ನು ಅಡ್ಮಿನ್ ಅಂತಲೇ ಬರೆಯಿರಿ. ಅದನ್ನು ಎಚ್‌ಆರ್ ಅಂತ ತೋರಿಸಿದರೆ ಬಡ್ತಿ ಪತ್ರ, ಸಂಬಳದ ಸ್ಲಿಪ್‌ನಲ್ಲಿರುವ ಹುದ್ದೆ, ರೆಸ್ಯೂಮೆ ಮೂರೂ ಮೂರು ಕಥೆ ಹೇಳುತ್ತವೆ. ಮುಂದೆ ವೀಸಾ ಹಂತದಲ್ಲಿ ಸುಳ್ಳು ಮಾಹಿತಿ ಅಂತ ನಿರ್ಧಾರವಾದರೆ ಪಿಐಸಿ 4020 ನಿಯಮದಡಿ ಮೂರು ವರ್ಷ ಆಸ್ಟ್ರೇಲಿಯಾದ ವೀಸಾ ಸಿಗದ ಹಾಗೂ ಆಗಬಹುದು.

ಮೂರನೆಯದು ನಿಮಗೆ ಇಷ್ಟ ಆಗಲಿಕ್ಕಿಲ್ಲ. ಲೆಕ್ಕ 2020 ಏಪ್ರಿಲ್‌ನಿಂದ ಶುರು. ಅಸೆಸ್‌ಮೆಂಟ್ ಪಾಸಾಗಲು ಬಳಸಿದ ಅನುಭವ ಅಂಕಕ್ಕೆ ಸೇರಲ್ಲ. ಸಂಬಂಧಿತ ಡಿಗ್ರಿ ಇರುವುದರಿಂದ ನಿಮ್ಮ ವಿಷಯದಲ್ಲಿ ಅದು ಒಂದು ವರ್ಷ ಅಂತ ಇಟ್ಟುಕೊಳ್ಳಿ. ಹಾಗಾಗಿ ಅಂಕದ ಗಡಿಯಾರ ಓಡುವುದು 2021 ಏಪ್ರಿಲ್‌ನಿಂದ. ಹೊರದೇಶದ ಅನುಭವಕ್ಕೆ ಮೂರು ವರ್ಷ ತುಂಬಿದರೆ 5, ಐದು ತುಂಬಿದರೆ 10, ಎಂಟು ತುಂಬಿದರೆ 15. ನೀವು ಐದು ಮುಟ್ಟುವುದು 2026 ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ವೀಸಾಗೆ ಅರ್ಜಿ ಹಾಕಲು ಆಹ್ವಾನ ಬಂದರೆ 5 ಅಂಕ ಮಾತ್ರ. ಏಳು ವರ್ಷ ಅಂತ ಹಾಕಿ 10 ಕೇಳಿಬಿಡಬೇಡಿ.

ಮತ್ತೊಬ್ಬರು:
ಒಂದು ವರ್ಷ ಅಲ್ಲ, ಎಲ್ಲರಿಗೂ ಎರಡು ವರ್ಷ ಕಡಿತ ಮಾಡ್ತಾರೆ. ನಮ್ಮ ಕಸಿನ್‌ಗೆ ಹಾಗೇ ಆಯ್ತು.

ಉತ್ತರ:
ನಿಮ್ಮ ಕಸಿನ್ ಐಟಿಯವರಾ? ಹಾಗಿದ್ದರೆ ಅದು ಐಟಿಯವರನ್ನು ಅಸೆಸ್ ಮಾಡುವ ಸಂಸ್ಥೆ ಎಸಿಎಸ್. ಅಲ್ಲಿ ಡಿಗ್ರಿ, ಕೆಲಸ ಎರಡೂ ಹೊಂದಿದರೆ ಸಾಮಾನ್ಯವಾಗಿ ಎರಡು ವರ್ಷ, ಹೊಂದದಿದ್ದರೆ ಇನ್ನೂ ಜಾಸ್ತಿ. ಕಡಿತ ಅನ್ನುವುದು ನಿಜ, "ಎಲ್ಲರಿಗೂ ಎರಡು" ಅನ್ನುವುದು ಅಲ್ಲ.

ಮತ್ತೊಬ್ಬರು:
ಹೌದು, ಐಟಿನೇ. ಸರಿ ಬಿಡಿ.

ಪ್ರಶ್ನೆ ಕೇಳಿದವರು:
10 ಸಿಗಲ್ಲ ಅಂದರೆ ನನ್ನ ಲೆಕ್ಕವೇ ಬದಲಾಯ್ತು. ಲೆಟರ್ ವಿಷಯ? ಎಚ್‌ಆರ್ ಹೆಡ್ ಖಡಾಖಂಡಿತವಾಗಿ "ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಮಾತ್ರ" ಅಂದಿದ್ದಾರೆ. ಹುದ್ದೆ, ಸೇರಿದ ದಿನ, ಅಷ್ಟೇ. ನಾನೇ ಎಚ್‌ಆರ್‌ನಲ್ಲಿದ್ದು ನನಗೇ ಲೆಟರ್ ಸಿಗ್ತಿಲ್ಲ, ನಗಬೇಡಿ.

ಉತ್ತರ:
ನಗಲ್ಲ, ಇದು ಬಹಳ ಕಡೆ ಇರುವ ಕಥೆ. ರೆಸ್ಯೂಮೆ ನೀವು ಹೇಳಿಕೊಳ್ಳುವುದು, ಲೆಟರ್ ಕಂಪನಿ ಹೇಳುವುದು, ಸಂಬಳದ ದಾಖಲೆ ಹಣ ಬಂದದ್ದಕ್ಕೆ ಸಾಕ್ಷಿ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ. ಮೂರು ಸಾಲಿನ ಲೆಟರ್ ಹಾಳಲ್ಲ, ದಿನಾಂಕ, ಹುದ್ದೆ ಅದರಿಂದ ಗಟ್ಟಿಯಾಗುತ್ತದೆ, ಕೆಲಸದ ವಿವರ ಮಾತ್ರ ಬರಲ್ಲ.

ಮೊದಲು ಇಮೇಲ್‌ನಲ್ಲಿ ಕೇಳಿ, ಬಾಯಿ ಮಾತಲ್ಲಿ ಬೇಡ. ಡ್ಯೂಟಿಗಳ ಕರಡನ್ನು ನೀವೇ ಒಂದು ಪುಟ ಬರೆದು ಕಳಿಸಿ, "ಇದನ್ನು ಲೆಟರ್‌ಹೆಡ್‌ನಲ್ಲಿ ಕೊಡಬಹುದೇ, ಇಲ್ಲವಾದರೆ ನೇರ ಮ್ಯಾನೇಜರ್ ಸಹಿ ಮಾಡಬಹುದೇ" ಅಂತ ಕೇಳಿ. ಒಪ್ಪಿದರೆ ಕೆಲಸ ಮುಗಿಯಿತು. ಸಹಿ ಮಾಡುವವರ ಹೆಸರು, ಹುದ್ದೆ, ಆಫೀಸ್ ನಂಬರ್ ಮತ್ತು ಆಫೀಸ್ ಇಮೇಲ್ ಅದರಲ್ಲಿರಲಿ. ಒಪ್ಪದಿದ್ದರೆ ಅವರ "ಇಲ್ಲ" ಅನ್ನುವ ಉತ್ತರವೂ ನಿಮ್ಮ ಫೈಲ್‌ಗೆ ಬೇಕು. ಆಗ ಕೊಡುವುದು ಸ್ಟ್ಯಾಚುಟರಿ ಡಿಕ್ಲರೇಷನ್. ನಿಮ್ಮ ಡ್ಯೂಟಿಗಳನ್ನು ನೀವೇ ಪ್ರಮಾಣ ಮಾಡಿ ಹೇಳುವುದು. ಅದು ಒಂಟಿಯಾಗಿ ನಿಲ್ಲಲ್ಲ, ಕಾರಣ ಅದೂ ನಿಮ್ಮ ಮಾತೇ. ಆದ್ದರಿಂದ ಜೊತೆಗೆ ನೇಮಕಾತಿ ಪತ್ರ, ಎರಡೂ ಬಾರಿ ಹುದ್ದೆ ಬದಲಾದ ಪತ್ರ, ಸಂಬಳದ ಸ್ಲಿಪ್, ಅದೇ ಹಣ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಅಥವಾ ಪಿಎಫ್ ದಾಖಲೆ ಇಡಿ. ಕಂಪನಿಯ ಸಂಘಟನಾ ಚಾರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು, ನಿಮ್ಮ ಮೇಲೆ ಯಾರು, ಕೆಳಗೆ ಯಾರು ಅಂತ ಒಂದೇ ನೋಟಕ್ಕೆ ಕಾಣುತ್ತದೆ, ಕ್ಲರ್ಕ್ ಅಲ್ಲ ಅನ್ನುವುದೂ ಅಲ್ಲೇ ಸಿಗುತ್ತದೆ.

ಸಹಿ ಮಾಡುವವರಿಗೆ ಕರಡು ಕೊಟ್ಟು "ಇದರಲ್ಲಿ ನಿಮಗೆ ಒಪ್ಪಿಗೆ ಇಲ್ಲದ ಸಾಲು ತೆಗೆಯಿರಿ" ಅನ್ನಿ. ಅವರು ತೆಗೆದ ಸಾಲನ್ನು ರೆಸ್ಯೂಮೆಯಿಂದಲೂ ತೆಗೆಯಿರಿ. ಹಾಗೆಯೇ ಲಿಂಕ್ಡ್‌ಇನ್‌ನಲ್ಲಿ ಏಳು ವರ್ಷ "ಸೀನಿಯರ್" ಅಂತ ಇದ್ದರೆ ಅದನ್ನೂ ಸರಿ ಮಾಡಿ.

ಇನ್ನೊಬ್ಬ ಸದಸ್ಯರು:
ಮೇಡಂ, ಹಾಗಾದರೆ ನನ್ನ ಹಳೆ ಮ್ಯಾನೇಜರ್ ಈಗ ಬೇರೆ ಕಂಪನಿಯಲ್ಲಿದ್ದಾರೆ, ಅವರು ಈಗಿನ ಕಂಪನಿ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ?

ಉತ್ತರ:
ಅದು ಬೇಡ. ಆ ಕಂಪನಿಗೂ ನಿಮಗೂ ಏನು ಸಂಬಂಧ? ಅವರು ವೈಯಕ್ತಿಕವಾಗಿ, ಆಗ ತಾವು ಯಾವ ಹುದ್ದೆಯಲ್ಲಿದ್ದರು ಅಂತ ಹೇಳಿ ಡಿಕ್ಲರೇಷನ್ ಕೊಡಬಹುದು. ಅದಕ್ಕೆ ಎಷ್ಟು ತೂಕ ಕೊಡುತ್ತಾರೆ ಅನ್ನುವುದು ಜೊತೆಗಿರುವ ಉಳಿದ ದಾಖಲೆ ನೋಡಿ.

ಪ್ರಶ್ನೆ ಕೇಳಿದವರು:
ನೀವು ಹೇಳಿದ ಹಾಗೆ ಸಮಯದ ಪಾಲು ಹಾಕಿ ನೋಡಿದೆ. ನೇಮಕಾತಿಯೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬರ್ತಿದೆ, ಸಂದರ್ಶನ, ಆಯ್ಕೆ, ಆಫರ್. ದೂರು ಮತ್ತು ಪಾಲಿಸಿ ಸೇರಿ ಕಾಲು ಭಾಗ. ಹಾಗಾದರೆ 223112, ರಿಕ್ರೂಟ್‌ಮೆಂಟ್ ಕನ್ಸಲ್ಟೆಂಟ್ ಹಾಕಬೇಕಾ?

ಉತ್ತರ:
ಇಲ್ಲಿ ನಾನು ಒಂದೇ ಮಾತಲ್ಲಿ ಹೌದು, ಇಲ್ಲ ಅನ್ನಲ್ಲ. 223112ರ ವಿವರಣೆಯಲ್ಲಿ ಕೆಲಸ ಕೊಡುವವರಿಗೆ ತಕ್ಕ ಸಿಬ್ಬಂದಿ ಹುಡುಕಿಕೊಡುವುದು ಅಂತಿದೆ, ಓದಿದರೆ ಏಜೆನ್ಸಿಯವರ ಚಿತ್ರ ಜಾಸ್ತಿ ಬರುತ್ತೆ. ನೀವು ಸ್ವಂತ ಕಂಪನಿಗೆ ಮಾತ್ರ ಮಾಡಿದವರು. ಇನ್ನೊಂದು ಕಡೆ, ಸಂದರ್ಶನ, ಆಯ್ಕೆ ಎರಡೂ ಎಚ್‌ಆರ್ ವೃತ್ತಿಯವರ ಸಾಮಾನ್ಯ ಪಟ್ಟಿಯಲ್ಲೇ ಇವೆ, ಅಷ್ಟಕ್ಕೆ ಅಡ್ವೈಸರ್ ಕೈತಪ್ಪಲ್ಲ. ನನ್ನ ಒಲವು 223111 ಕಡೆ, ಆದರೆ ಹುದ್ದೆ ಯಾವುದು ಅಂತ ಪಟ್ಟಿಯಿಂದ ಆರಿಸಿ ಆಮೇಲೆ ಕೆಲಸ ಬರೆಯುವ ಬದಲು ಉಳಿದ ಕಾಲು ಭಾಗದಲ್ಲಿ ಏನಿದೆ ಅಂತ ಮೊದಲು ಬರೆದು ಕಳಿಸಿ.

ಮತ್ತೊಬ್ಬರು:
ನನ್ನ ಅಕ್ಕ ಕಂಪನಿ ಒಳಗಿನ ರಿಕ್ರೂಟರ್, 223112ರಲ್ಲೇ ಪಾಸಾದರು.

ಉತ್ತರ:
ಆಗಿರಬಹುದು. ಅವರ ಲೆಟರ್‌ನಲ್ಲಿ ಏನಿತ್ತು ಅಂತ ಕೇಳಿ ಇಲ್ಲಿ ಹಾಕ್ತೀರಾ? ಪಾಸಾಯ್ತು ಅನ್ನುವುದಕ್ಕಿಂತ ಇವರಿಗೆ ಅದು ಉಪಯೋಗಕ್ಕೆ ಬರುತ್ತೆ.