ಪದಚರ್ಚೆ: ರಿಮ್ ಲೈಟ್, ಬ್ಯಾಕ್‌ಲೈಟ್ ಎರಡನ್ನೂ 'ಹಿಂಬೆಳಕು' ಅಂದರೆ ಸರಿಹೋಗುತ್ತಾ?

ಗೆಳೆಯರೆ, ನಮಸ್ಕಾರ.

ಮಂಡ್ಯದಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತಿಗೆ ಆಲೆಮನೆಯಿಂದ ಬೆಲ್ಲದ ಪಾಕ ತಂದು, ಸೋಸಿ, ಉದ್ದನೆ ಗಾಜಿನ ಬಾಟಲಿಗೆ ತುಂಬಿ ಮಾರುತ್ತಾರೆ. ಮಲೆನಾಡಿನ ಕಡೆ ಜೋನಿಬೆಲ್ಲ ಅನ್ನುತ್ತಾರಲ್ಲ, ಅಂಥದ್ದೇ. ಬಾಟಲಿಯ ಫೋಟೊವನ್ನು ಎಐ ಟೂಲ್‌ಗೆ ಕೊಟ್ಟು, ಬೆಳಕು ಹೀಗಿರಲಿ ಎಂದು ಬರೆದು ಪೋಸ್ಟರ್‌ಗೆ ಚಿತ್ರ ಮಾಡಿಸುವುದು ನನ್ನ ಪಾಲಿನ ಕೆಲಸ. ಪ್ರಾಂಪ್ಟನ್ನು ಕನ್ನಡದಲ್ಲೇ ಬರೆಯುತ್ತೇನೆ. ಅತ್ತಿಗೆಯೂ ಓದಿ ತಿದ್ದಬಹುದು ಅಂತ. ಅಲ್ಲೇ ಪದಗಳು ಕೈಕೊಟ್ಟವು.

ಮೊದಲು 'ಮೃದುವಾದ ಬೆಳಕು' ಎಂದು ಬರೆದೆ. ಬಾಟಲಿ ಮಂಜಿನಲ್ಲಿ ಇಟ್ಟಂತೆ ಬಂತು, ಗಾಜಿನ ಹೊಳಪೇ ಹೋಗಿತ್ತು. 'ಎಳೆಬಿಸಿಲಿನಂಥ ಬೆಳಕು' ಅಂದೆ. ಹಿಂದೆ ಒಂದು ಕಿಟಕಿ ಹುಟ್ಟಿಕೊಂಡು ಚಿತ್ರವೆಲ್ಲ ಹಳದಿಯಾಯಿತು. ಸರಿ, ಸ್ಟುಡಿಯೋದವರ ಪದವೇ ಇರಲಿ ಎಂದು 'ಎಡಗಡೆ ಸಾಫ್ಟ್‌ಬಾಕ್ಸ್' ಎಂದು ಬರೆದರೆ, ಎಡಗಡೆ ಸ್ಟ್ಯಾಂಡ್ ಸಮೇತ, ಮುಂದೆ ಬಿಳಿ ಬಟ್ಟೆ ಕಟ್ಟಿದ ಆ ದೀಪದ ಪೆಟ್ಟಿಗೆಯೇ ಬಂದು ನಿಂತಿತು!

ಮೈಸೂರಿನಲ್ಲಿ ನನಗೆ ಗೊತ್ತಿರುವ ಒಬ್ಬರು ಸ್ಟುಡಿಯೋ ಅಣ್ಣ ಇದ್ದಾರೆ. ಹಲವು ವರ್ಷ ಎಣ್ಣೆ, ಅತ್ತರಿನ ಬಾಟಲಿಗಳ ಫೋಟೊ ತೆಗೆದವರು. ಬಾಟಲಿಯನ್ನು ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಮಾತಾಡದೆ ಮೊದಲು ಸಾಫ್ಟ್‌ಬಾಕ್ಸ್ ಹಚ್ಚಿ, 'ಮೇಜಿನ ಮೇಲಿನ ನೆರಳು ನೋಡಿ' ಅಂದರು. ನೆರಳಿನ ಅಂಚು ಮೆತ್ತಗಿತ್ತು. 'ಈಗ ಗಾಜು ನೋಡಿ' ಅಂದರು. ಅಲ್ಲಿ ಸಾಫ್ಟ್‌ಬಾಕ್ಸು ಕತ್ತರಿಸಿ ಅಂಟಿಸಿದ ಬಿಳಿ ಕಾಗದದ ಹಾಗೆ, ನಾಲ್ಕು ಮೂಲೆಯೂ ಎದ್ದು ಕಾಣುವಂತೆ ಕೂತಿತ್ತು. ಹೊಳೆಯುವ ಬಾಟಲಿ ಕನ್ನಡಿ ಇದ್ದಂಗೆ, ಎದುರಿಗೆ ಇರುವುದನ್ನು ತೋರಿಸುತ್ತದೆ. ನೆರಳು ಮೆತ್ತಗಿದೆ ಅಂದ ಮಾತ್ರಕ್ಕೆ ಗಾಜಿನ ಮೇಲಿನ ಹೊಳಪೂ ಮೆತ್ತಗಿರಬೇಕಿಲ್ಲ.

ಆಮೇಲೆ ಬಾಟಲಿಯಿಂದ ಸುಮಾರು ಒಂದು ಅಡಿ ದೂರಕ್ಕೆ ದೊಡ್ಡ ಬಟರ್ ಪೇಪರ್ ಹಾಳೆ ಇಳಿಬಿಟ್ಟು, ಲೈಟನ್ನು ಅದರ ಹಿಂದೆ ಒಂದು ಪಕ್ಕಕ್ಕೆ ಸರಿಸಿದರು. ಹಾಳೆಯ ಮೇಲೆ ಬೆಳಕು ಒಂದು ಕಡೆ ಗಟ್ಟಿಯಾಗಿ, ಇನ್ನೊಂದು ಕಡೆಗೆ ಕರಗುತ್ತಾ ಹೋಯಿತು. ಗಾಜಿನ ಮೇಲೂ ಹಾಗೇ ಆಯಿತು. ಅಂಚಿನಲ್ಲಿ ಬೆಳ್ಳಗೆ ಒಂದು ಪಟ್ಟೆ, ಒಳಗೆ ಬರುತ್ತಾ ಪಾಕದ ಕಂದು ಬಣ್ಣದಲ್ಲಿ ಕರಗಿದೆ. ನನಗೆ ಬೇಕಾಗಿದ್ದುದು ಅದೇ.

ಅಲ್ಲಿಂದ ಬಂದ ಮೇಲೆ ಪ್ರಾಂಪ್ಟಿನಲ್ಲಿ ದೀಪದ ಹೆಸರು ಬಿಟ್ಟೆ. ದೀಪ ಗಾಜಿನ ಮೇಲೆ ಬಿಡುವ ಗುರುತನ್ನು ಬರೆಯತೊಡಗಿದೆ: 'ಬಾಟಲಿಯ ಎಡ ಅಂಚಿಗೆ ಕತ್ತಿನಿಂದ ತಳದವರೆಗೆ ಒಂದೇ ಸಮನೆ ಸಣ್ಣ ಬಿಳಿ ಪಟ್ಟೆ, ಒಳಗಡೆಗೆ ಮೆಲ್ಲಗೆ ಕರಗುವಂತೆ'. ಸ್ಟ್ಯಾಂಡೂ ಮಾಯ, ಮಂಜೂ ಮಾಯ.

ಇನ್ನು ನನ್ನ ನಿಜವಾದ ಪ್ರಶ್ನೆ. ರಿಮ್ ಲೈಟ್, ಬ್ಯಾಕ್‌ಲೈಟ್ ಎರಡನ್ನೂ ನಾನು 'ಹಿಂಬೆಳಕು' ಎಂದೇ ಬರೆಯುತ್ತಿದ್ದೆ. ಒಂದು ಸಲ ಅಂಚು ಹೊಳೆದರೆ ಇನ್ನೊಂದು ಸಲ ಪಾಕವೆಲ್ಲ ಕೆಂಡದ ಹಾಗೆ ಹೊಳೆಯುತ್ತಿತ್ತು. ಆಫೀಸಿನ ಗೆಳೆಯರೊಬ್ಬರು, 'ಎರಡೂ ಹಿಂದಿನಿಂದಲೇ ಬರೋದು ತಾನೆ, ಒಂದೇ ಪದ ಸಾಕು' ಅಂದರು. ಎರಡೂ ಹಿಂದಿನಿಂದ ಬರುವುದು ನಿಜ. ಆದರೆ ಗಾಜಿನ ಬಾಟಲಿಯಲ್ಲಿ ಎರಡರ ಕೆಲಸ ಬೇರೆ. ರಿಮ್ ಲೈಟ್ ಹಿಂದೆ ಪಕ್ಕದಲ್ಲಿರುತ್ತದೆ, ಅಂಚನ್ನು ಸವರಿಕೊಂಡು ಕ್ಯಾಮೆರಾ ಕಡೆ ಬರುತ್ತದೆ. ಬ್ಯಾಕ್‌ಲೈಟ್ ನೇರ ಹಿಂದಿರುತ್ತದೆ, ಪಾಕದೊಳಗಿಂದ ತೂರಿ ಬರುತ್ತದೆ. ಕಪ್ಪು ಪ್ಲಾಸ್ಟಿಕ್ ಬಾಟಲಿಗಾದರೆ ತೂರಲು ದಾರಿಯೇ ಇಲ್ಲ. ಬರೀ ಬ್ಯಾಕ್‌ಲೈಟ್ ಹಾಕಿದರೆ ಬಾಟಲಿಯ ಆಕಾರ ಮಾತ್ರ ಕಪ್ಪಗೆ ಉಳಿಯುತ್ತದೆ.

ಸ್ಟುಡಿಯೋ ಅಣ್ಣ ಇನ್ನೊಂದು ಕೈಚಳಕ ತೋರಿಸಿದರು. ಬಾಟಲಿಯ ಆಕಾರಕ್ಕೆ, ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ಬಿಳಿ ರಟ್ಟು ಕತ್ತರಿಸಿ ಬಾಟಲಿಯ ಬೆನ್ನಿಗೆ ಓರೆಯಾಗಿ ನಿಲ್ಲಿಸಿದರು. ಲೈಟು ರಟ್ಟಿಗೆ ಬಡಿದು ಪಾಕದ ಮೂಲಕ ಮುಂದೆ ಬರುತ್ತದೆ, ರಟ್ಟು ಮಾತ್ರ ಕಾಣುವುದಿಲ್ಲ. ನಮ್ಮ ಬಾಟಲಿಗೆ ಹಿಂದೆಯೂ ಒಂದು ಲೇಬಲ್ ಇತ್ತು. ಅದು ಬೆಳಕನ್ನು ತಡೆದು ಪಾಕದ ನಡುವೆ ಕಪ್ಪು ಚೌಕ ಮಾಡಿತು. ಲೇಬಲ್ ಕಿತ್ತ ಮೇಲೆ ಸರಿಹೋಯಿತು. ಪ್ರಾಂಪ್ಟ್ ಬರೆಯುವವರೂ ಇದನ್ನು ನೆನಪಿಡಬೇಕು. ಟೂಲಿಗೆ ಕೊಡುವ ಫೋಟೊದಲ್ಲೇ ಆ ಕಪ್ಪು ಚೌಕ ಇದ್ದರೆ ಅದು ಚಿತ್ರದಲ್ಲೂ ಉಳಿದುಬಿಡಬಹುದು.

ಹಾಗಾಗಿ ನನ್ನ ಸಲಹೆ ಇಷ್ಟು. ರಿಮ್ ಲೈಟ್‌ಗೆ 'ಅಂಚುಬೆಳಕು', ಬ್ಯಾಕ್‌ಲೈಟ್ ಪಾಕದೊಳಗಿಂದ ಬಂದಾಗ 'ತೂರುಬೆಳಕು'. 'ಹಿಂಬೆಳಕು' ಎಂಬುದು ಬರೀ ದಿಕ್ಕು ಹೇಳುವ ಪದವಾಗಿ ಇರಲಿ. ಅತ್ತಿಗೆ ಮಾತ್ರ 'ಅಂಚು ಅಂದರೆ ಸೀರೆ ಅಂಚು, ಅಗಲವಾಗಿರುತ್ತೆ. ಇದು ಸಣ್ಣ ಜರಿ ಗೆರೆ, ಜರಿಬೆಳಕು ಅನ್ನು' ಅಂತಾರೆ. ಕಿವಿಗೆ ಚೆನ್ನಾಗಿದೆ. ಆದರೆ ಪ್ರಾಂಪ್ಟಿನಲ್ಲಿ 'ಜರಿ' ಎಂದು ಬರೆದಾಗ ಬಾಟಲಿಯ ಸುತ್ತ ಚಿನ್ನದ ಬಣ್ಣದ ಕುಸುರಿ ಬಂತು. ನಮ್ಮ ಮಾತಿಗೆ ಒಪ್ಪುವ ಪದ ಟೂಲ್‌ಗೂ ಒಪ್ಪಬೇಕಲ್ಲ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಕೇಳಿದೆ. ಅವರು ಬ್ಯಾಕ್‌ಲೈಟ್ ಅಂದರೆ ಮೊಬೈಲ್ ಪರದೆಯದ್ದು ಅಂದುಕೊಂಡು, 'ಜಾಸ್ತಿ ಇಟ್ಟರೆ ಕಣ್ಣು ಉರಿಯುತ್ತೆ, ಕಡಿಮೆ ಮಾಡಿಕೊ' ಅಂದರು. ವಿವರಿಸಿದ ಮೇಲೆ, 'ಒಳಬೆಳಕು ಅನ್ನಬಹುದಲ್ವಾ? ಬೆಳಕು ಒಳಗಿಂದಲೇ ಬಂದಂತೆ ಕಾಣುತ್ತೆ' ಎಂದರು. ನೋಡುವವರ ಕಣ್ಣಿಗೆ ಅದು ಸರಿಯೇ. ಆದರೆ ನಾನು ಬರೆದು ನೋಡಿದಾಗ ಬಾಟಲಿಯೊಳಗೆ ಬಲ್ಬು ಬಂತು.

ಈಗ ಕೆಲಸ ಮಾಡುತ್ತಿರುವ ಪ್ರಾಂಪ್ಟ್ ಇದು:

```
ಗಾಜಿನ ಬಾಟಲಿ, ಒಳಗೆ ಕಂದು ಬೆಲ್ಲದ ಪಾಕ, ಕಡುಗಪ್ಪು ಹಿನ್ನೆಲೆ.
ಎಡ ಅಂಚಿಗೆ ಕತ್ತಿನಿಂದ ತಳದವರೆಗೆ ಸಣ್ಣ ಬಿಳಿ ಪಟ್ಟೆ,
ಒಳಗಡೆಗೆ ಮೆಲ್ಲಗೆ ಕರಗುತ್ತದೆ.
ಬಲ ಅಂಚಿಗೆ ಇನ್ನೂ ಸಣ್ಣ, ಮಂದವಾದ ಗೆರೆ.
ಹಿಂದಿನಿಂದ ಬೆಳಕು ಪಾಕದೊಳಗೆ ತೂರಿ, ನಡುಭಾಗ ಜೇನಿನ ಬಣ್ಣ.
ದೀಪ, ಸ್ಟ್ಯಾಂಡ್ ಕಾಣಬಾರದು.
```

ಬಂದ ಚಿತ್ರವನ್ನು ಹಾಗೇ ನಂಬುವಂತಿಲ್ಲ. ನಾನು ಮೊದಲು ಮುಚ್ಚಳ ನೋಡುತ್ತೇನೆ. ಗಾಜಿನ ದಪ್ಪ ಪಟ್ಟೆ ಎಡಕ್ಕಿದ್ದು ಮುಚ್ಚಳದ ಹೊಳಪು ಬಲಕ್ಕಿದ್ದರೆ ಬೆಳಕು ಸುಳ್ಳು. ಆಮೇಲೆ ಮೇಜು. ಪಾಕದೊಳಗಿಂದ ಬೆಳಕು ಜೋರಾಗಿ ಬಂದಿದ್ದರೆ ಬಾಟಲಿಯ ಮುಂದೆ ನೆರಳಿನ ನಡುವೆ ಜೇನಿನ ಬಣ್ಣದ ಚೆಲ್ಲು ಬಿದ್ದಿರಬೇಕು. ಪಾಕ ಹೊಳೆಯುತ್ತಿದ್ದೂ ನೆರಳು ಪೂರ್ತಿ ಕಪ್ಪಗಿದ್ದರೆ ಆ ಚಿತ್ರ ಬಿಡುತ್ತೇನೆ. ಬಣ್ಣದ ವಿಷಯದಲ್ಲಿ ಅತ್ತಿಗೆಯದು ಕಟ್ಟುನಿಟ್ಟು. ತೂರುಬೆಳಕು ಜಾಸ್ತಿಯಾದರೆ ಪಾಕ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಕೊಂಡವರು ಮನೆಯಲ್ಲಿ ಬಾಟಲಿ ತೆರೆದು, ಇದು ಬೇರೆ ಅನ್ನಬಾರದಲ್ವಾ?

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಬಿಳಿ ಪಟ್ಟೆ ಒಂದು ಕಡೆ ಗಟ್ಟಿಯಾಗಿದ್ದು ಇನ್ನೊಂದು ಕಡೆಗೆ ಕರಗುತ್ತಾ ಹೋಗುವುದಕ್ಕೆ ಸ್ಟುಡಿಯೋದಲ್ಲಿ ಗ್ರೇಡಿಯಂಟ್ ಅಂತಾರೆ. ನಾನು 'ಕರಗುವ ಪಟ್ಟೆ' ಎಂದು ಬರೆಯುತ್ತಿದ್ದೇನೆ. ಹತ್ತರಲ್ಲಿ ಎರಡು ಸಲವಾದರೂ ಪಟ್ಟೆ ಮೇಣದ ಹಾಗೆ ಕೆಳಗೆ ಹರಿದಂತೆ ಬರುತ್ತದೆ. 'ಮಾಸುವ' ಅಂದರೆ ಕೊಳೆಯಾದಂತೆ ಕಾಣುತ್ತದೆ. ರಂಗೋಲಿ ಹಾಕುವವರು, ಗೋಡೆಗೆ ಬಣ್ಣ ಬಳಿಯುವವರು ಒಂದು ಬಣ್ಣ ಇನ್ನೊಂದರೊಳಗೆ ಸೇರಿಹೋಗುವುದಕ್ಕೆ ಏನೋ ಒಂದು ಪದ ಬಳಸುತ್ತಿರಬೇಕು. ನಿಮ್ಮ ಕಡೆ ಏನು ಅಂತಾರೆ, ದಯವಿಟ್ಟು ಬರೆಯಿರಿ.