ಉಪ್ಪಿನಕಾಯಿ ರೇಟ್ ಏರಿಸ್ತಿದೀನಿ, ಕ್ಯಾಪ್ಶನ್‌ನಲ್ಲಿ ಎಂತ ಬರೆಯದು?

ಕೇಳಿದವರು (ಹೊಸನಗರ): ಮನೇಲೇ ಮಿಡಿ ಉಪ್ಪಿನಕಾಯಿ ಮಾಡಿ ಇನ್ಸ್ಟಾಗ್ರಾಮು, ವಾಟ್ಸಾಪಲ್ಲಿ ಮಾರ್ತೀನಿ. ಅರ್ಧ ಕೆಜಿ ಬಾಟ್ಲಿ 320 ಇತ್ತು, ಈ ಸಲ 400 ಮಾಡ್ಲೇಬೇಕು, ಮಿಡಿ ರೇಟ್ ಕೇಳ್ಬೇಡಿ. ಖಾಯಂ ತಗೊಳೋರು ಬೇಜಾರಾಗ್ಬಾರ್ದು. ಹಿಂಗೆ ಬರ್ದಿದೀನಿ: "ಆತ್ಮೀಯ ಗ್ರಾಹಕರೇ, ಅನಿವಾರ್ಯ ಕಾರಣಗಳಿಂದ ನಮ್ಮ ಬೆಲೆಯಲ್ಲಿ ಅಲ್ಪ ಬದಲಾವಣೆ ಮಾಡಲಾಗಿದೆ, ಎಂದಿನಂತೆ ಸಹಕರಿಸಿ." ಸರಿ ಇದ್ಯಾ?

ಕ್ಯಾಪ್ಶನ್ ಬರೆಯೋರು (ಶಿವಮೊಗ್ಗ): ಅಕ್ಕ, ಇದ್ರಲ್ಲಿ ರೇಟೇ ಇಲ್ವಲ್ಲ. ಓದಿದೋರು ಎಷ್ಟಾಯ್ತು ಅಂತ ಮೆಸೇಜ್ ಮಾಡ್ತಾರೆ, ನೀವು 400 ಅಂತೀರಿ, ಅವ್ರಿಗೆ ತಕ್ಷಣ ನೆನಪಾಗದು ಆ "ಅಲ್ಪ". 320ಕ್ಕೆ 80 ಅಂದ್ರೆ ರೂಪಾಯಿಗೆ ನಾಲ್ಕಾಣೆ ಏರಿದ ಹಾಗೆ, ಅದು ಅಲ್ಪ ಅಲ್ಲ. ಬೇಜಾರು ಬರದು ಆ 80ರಿಂದ ಅಲ್ಲ, ಆ ಒಂದು ಪದದಿಂದ. ಶಿವಮೊಗ್ಗದ ಒಂದು ಬೇಕರಿಗೆ ನಾನೇ ಮೊದಲ ವರ್ಷದಲ್ಲಿ ಈ "ಅನಿವಾರ್ಯ ಕಾರಣ" ಬರ್ಕೊಟ್ಟಿದ್ದೆ, ಕೆಳಗೆ ಬಂದ ಕಾಮೆಂಟೆಲ್ಲ "ಎಂತ ಕಾರಣ, ಹೇಳಿ" ಅಂತಲೇ, ಅದಾದ್ಮೇಲೆ ಆ ಪದ ಮುಟ್ಟಿಲ್ಲ.

ಇನ್ಸ್ಟಾಗ್ರಾಮಲ್ಲಿ ಕ್ಯಾಪ್ಶನ್ ಮೊದಲ ಎರಡು ಸಾಲು ಕಾಣ್ಸುತ್ತೆ, ಉಳಿದಿದ್ದು ಮಡಚ್ಕೊಳುತ್ತೆ, ಸುಮಾರು ಜನ ಅದನ್ನ ಬಿಚ್ಚಿ ಓದಲ್ಲ. ಅದಕ್ಕೇ ಹಳೇ ರೇಟು, ಹೊಸ ರೇಟು, ಯಾವತ್ತಿಂದ ಅನ್ನೋದು ಮೊದಲ ಸಾಲಲ್ಲೇ ಬರ್ಲಿ, ನಮಸ್ಕಾರ ಆಮೇಲೆ.

ಈಗ ಹೇಳಿ, ಮಿಡಿ ಎಷ್ಟಕ್ಕೆ ತಗೊಂಡ್ರಿ, ಒಂದು ಬಾಟ್ಲಿಗೆ ಎಷ್ಟು ಮಿಡಿ ಹಿಡಿಯುತ್ತೆ?

ಕೇಳಿದವರು: ರಿಪ್ಪನ್‌ಪೇಟೆಯಿಂದ ತರ್ಸಿದ್ದು. ಹೋದ್ವರ್ಷ ನೂರು ಮಿಡಿಗೆ 250 ಕೊಟ್ಟಿದ್ದೆ, ಈ ಸಲ 400. ಸಣ್ಣ ಜೀರಿಗೆ ಮಿಡಿ, ಬಾಟ್ಲಿಗೆ 40 ಹಿಡಿಯುತ್ತೆ. ಹಂಗಾದ್ರೆ "ಮಿಡಿ ರೇಟ್ ಏರಿದ್ರಿಂದ" ಅಂತ ಹಾಕ್ಲಾ?

ತೀರ್ಥಹಳ್ಳಿಯಿಂದ ಒಬ್ರು: ಅಕ್ಕಾ, ಕಾರಣ ಗೀರಣ ಯಾಕೆ? ಒಂದ್ ವಾರ ಮುಂಚೆ ಹೇಳಿ, ಅಷ್ಟು ಸಾಕು. ಇಲ್ದಿದ್ರೆ ರೇಟು 320ಕ್ಕೇ ಬಿಟ್ಟು ಬಾಟ್ಲಿ 400 ಗ್ರಾಂದು ಮಾಡಿ, ಮೇಲೆ "ಹೊಸ ಪ್ಯಾಕ್" ಅಂತ ಹಾಕಿ, ಯಾರಿಗೂ ಗೊತ್ತಾಗಲ್ಲ. ಎಲ್ಲರೂ ಅದೇ ಮಾಡದು.

ಕ್ಯಾಪ್ಶನ್ ಬರೆಯೋರು: ಅಣ್ಣ, ಮುಂಚೆ ಹೇಳ್ಬೇಕು ಅಂದಿದ್ದು ಸರಿ, ಒಂದು ವಾರ ಮಾತ್ರ ಸಾಲದು, ತಿಂಗಳಿಗೊಂದ್ಸಲ ತಗೊಳೋರಿಗೆ ಹದಿನೈದು ದಿನನಾದ್ರೂ ಬೇಕು. ಸಣ್ಣ ಬಾಟ್ಲಿ ಮಾಡದೂ ತಪ್ಪಲ್ಲ, ತೂಕ ಸರಿಯಾಗಿ ಪ್ರಿಂಟ್ ಮಾಡಿ ಕ್ಯಾಪ್ಶನ್‌ನಲ್ಲೂ "400 ಗ್ರಾಂ ಮಾಡಿದೀವಿ" ಅಂತ ಹೇಳಿದ್ರೆ. ಆದ್ರೆ 400 ಗ್ರಾಂಗೆ 320 ಅಂದ್ರೆ ಅರ್ಧ ಕೆಜಿಗೆ 400ಏ ಆಯ್ತು, ರೇಟು ಅದೇ. ಗೊತ್ತಾಗಲ್ಲ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ನಮ್ಮ ಕಡೆ ಮಿಡಿನ ಊಟಕ್ಕೆ ಒಂದು, ಎರಡು ಅಂತ ಎಣಿಸಿ ಬಡಿಸೋ ಮನೆಗಳು ಎಷ್ಟಿಲ್ಲ, 40 ಇದ್ದಿದ್ದು 32 ಆದ್ರೆ ಬಾಟ್ಲಿ ಬೇಗ ಖಾಲಿಯಾಗಿದ್ದು ಅಡುಗೆಮನೇಲಿ ತಿಳಿಯುತ್ತೆ.

ಅಕ್ಕ, ನಿಮ್ಮ ಲೆಕ್ಕಕ್ಕೆ ಬರ್ತೀನಿ. ನೂರಕ್ಕೆ 150 ಏರಿದೆ, ಅಂದ್ರೆ ಮಿಡಿಗೆ ಒಂದೂವರೆ ರೂಪಾಯಿ, 40 ಮಿಡಿಗೆ 60. ನೀವು ಏರಿಸ್ತಿರೋದು 80. ಮಲೆನಾಡಲ್ಲಿ ಮಿಡಿ ರೇಟ್ ಎಲ್ಲರಿಗೂ ಗೊತ್ತಿರುತ್ತೆ, ಯಾರಾದ್ರೂ ಕಾಮೆಂಟಲ್ಲಿ ಈ ಲೆಕ್ಕ ಹಾಕೇ ಹಾಕ್ತಾರೆ. ಉಳಿದ 20 ಯಾತಕ್ಕೆ?

ಕೇಳಿದವರು: ಅದು ಕೂಲಿ. ಮಿಡಿ ತೊಟ್ಟು ಬಿಡ್ಸಕ್ಕೆ, ಸಾಸಿವೆ ಖಾರ ರುಬ್ಬಕ್ಕೆ ಇಬ್ರು ಬರ್ತಾರೆ, ಮೂರು ವರ್ಷದಿಂದ ಅದೇ ಕೂಲಿ ಕೊಡ್ತಿದ್ದೆ, ಈ ಸಲ ಜಾಸ್ತಿ ಮಾಡ್ದೆ. ಅದನ್ನ ಹೇಳಿದ್ರೆ ಜನ ಏನಂದ್ಕೊಳ್ತಾರೋ ಅಂತ.

ಕ್ಯಾಪ್ಶನ್ ಬರೆಯೋರು: ಹೇಳಿ ಅಕ್ಕ, ಅದು ಮುಚ್ಚಿಡೋ ವಿಷ್ಯ ಅಲ್ಲ. ಇನ್ನೊಂದು ಕಾರಣಕ್ಕೂ ಬೇರೆ ಬೇರೆ ಹೇಳ್ಬೇಕು. ಮಾವು ಒಂದು ವರ್ಷ ಜೋರು ಬಿಟ್ರೆ ಮರುವರ್ಷ ಕಮ್ಮಿ ಬಿಡದು ಇದ್ದಿದ್ದೇ. 80 ಪೂರ್ತಿ ಮಿಡಿ ಮೇಲೆ ಹಾಕಿದ್ರೆ, ಮುಂದಿನ ವರ್ಷ ಮಿಡಿ ಇಳಿದಾಗ "80 ಇಳಿಸಿ" ಅಂತ ಕೇಳ್ತಾರೆ, ಕೇಳದು ನ್ಯಾಯವೇ. ಕೂಲಿ ವಾಪಸ್ ಇಳಿಸಕ್ಕೆ ಆಗಲ್ಲ. ಹಂಗಾಗಿ 60 ಮಿಡಿದು, 20 ಕೂಲಿದು ಅಂತ ಈಗ್ಲೇ ಬರ್ದಿಟ್ರೆ ನಾಳೆ ಮಾತು ಸುಲಭ. ನಾನಾದ್ರೆ ಹಿಂಗೆ ಬರೀತೀನಿ, ದಿನಾಂಕ ಮತ್ತೆ ಬಾಟ್ಲಿ ಲೆಕ್ಕ ನಿಮ್ದು ಹಾಕ್ಕೊಳಿ:

"ಜೂನ್ 10ರಿಂದ ಅರ್ಧ ಕೆಜಿ ಮಿಡಿ ಉಪ್ಪಿನಕಾಯಿ 400 ರೂಪಾಯಿ. ಈಗ 320 ಇದೆ.
ಈ ಸಲ ಮಿಡಿ ನೂರಕ್ಕೆ 400 ಕೊಟ್ಟು ತಂದ್ವಿ, ಹೋದ ವರ್ಷ 250 ಇತ್ತು. ಒಂದು ಬಾಟ್ಲಿಗೆ 40 ಮಿಡಿ, ಅದಕ್ಕೇ 60 ಜಾಸ್ತಿ ಆಯ್ತು. ಉಳಿದ 20 ನಮ್ಮ ಜೊತೆ ಕೆಲಸ ಮಾಡೋ ಇಬ್ಬರ ಕೂಲಿ ಏರಿಸಿದ್ದಕ್ಕೆ. ಮಿಡಿ ಅದೇ ಜೀರಿಗೆ ಮಿಡಿ, ತೂಕವೂ ಅದೇ.
ಹಳೇ ಬಾಟ್ಲಿ 35 ಉಳಿದಿವೆ, ಅವು 320ಕ್ಕೇ, ಮನೆಗೆ ಎರಡರಂತೆ. ಈಗಾಗ್ಲೇ ಆರ್ಡರ್ ಕೊಟ್ಟವರಿಗೂ ಹಳೇ ರೇಟೇ."

"ಬೇಗ ಬುಕ್ ಮಾಡಿ, ಕೊನೇ ಅವಕಾಶ" ಅಂತ ಮಾತ್ರ ಸೇರಿಸ್ಬೇಡಿ, ರೇಟ್ ಏರಿದ ಸುದ್ದಿ ಆಫರ್ ಥರ ಕಂಡ್ರೆ ಮೇಲಿನ ಲೆಕ್ಕವನ್ನೂ ಜನ ನಂಬಲ್ಲ.

ಆ ಹಳೇ ಬಾಟ್ಲಿ ಮೇಲೆ ಎಂಆರ್‌ಪಿ ಪ್ರಿಂಟ್ ಆಗಿದ್ಯಾ?

ಕೇಳಿದವರು: ಹೌದು, 320 ಅಂತಲೇ ಇದೆ. ಇನ್ನೂರು ಲೇಬಲ್ ಬೇರೆ ಉಳಿದಿದೆ, ಮೇಲೆ 400ರ ಸ್ಟಿಕ್ಕರ್ ಅಂಟಿಸ್ಲಾ?

ಕ್ಯಾಪ್ಶನ್ ಬರೆಯೋರು: ಬೇಡ ಅಕ್ಕ. ಪ್ರಿಂಟ್ ಆದ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಳೋ ಹಾಗಿಲ್ಲ, ಸ್ಟಿಕ್ಕರ್ ಹಾಕಿ ಇಳಿಸ್ಬಹುದು, ಏರಿಸೋ ಹಾಗಿಲ್ಲ. ಹೊಸ ಮಾಲಿಗೆ ಹೊಸ ಲೇಬಲ್ಲೇ ಮಾಡ್ಸಿ.

ಆಗುಂಬೆ ಹತ್ರದವರು: ನಮ್ದೂ ಇದೇ ಕಥೆ ಮಾರಾಯ್ರೆ, ಹೋಮ್‌ಸ್ಟೇ ಇದೆ, ಮಳೆಗಾಲಕ್ಕೆ ಜನ ಜಾಸ್ತಿ, ಅದಕ್ಕೆ ರೂಮ್ ರೇಟ್ ಏರಿಸ್ತೀವಿ, ನಾವೂ ಹಿಂಗೆ ಖರ್ಚಿನ ಲೆಕ್ಕ ಹಾಕ್ಬೇಕಾ?

ಕ್ಯಾಪ್ಶನ್ ಬರೆಯೋರು: ನಿಮ್ದು ಬೇರೆ ಸರ್. ಜನ ಜಾಸ್ತಿ ಬರೋ ತಿಂಗಳಿಗೆ ಬೇರೆ ರೇಟು, ಅದಕ್ಕೆ ಖರ್ಚಿನ ಕಾರಣ ಕೊಟ್ರೆ ಸುಳ್ಳಾಗುತ್ತೆ. ಎರಡೂ ಸೀಸನ್‌ದು ಒಟ್ಟಿಗೇ ಹಾಕ್ಬಿಡಿ, ಅಡ್ವಾನ್ಸ್ ಕೊಟ್ಟೋರ ಹತ್ರ ಮಾತ್ರ ಜಾಸ್ತಿ ಕೇಳ್ಬೇಡಿ.

ಸಾಗರದಿಂದ ಇನ್ನೊಬ್ರು: ನಂಗೆ ಒಂದು ಅನುಮಾನ. ಮಿಡಿ ಎಷ್ಟಕ್ಕೆ ತಂದೆ ಅಂತ ಬಿಚ್ಚಿ ಹೇಳಿದ್ರೆ "40 ಮಿಡಿಗೆ 160 ಬಿದ್ದಿದೆ, 400 ಯಾಕೆ" ಅಂತ ಕೇಳಲ್ವಾ? ಖಾರ, ಬಾಟ್ಲಿ, ನಮ್ಮ ದುಡಿಮೆ ಅವ್ರ ಕಣ್ಣಿಗೆ ಬೀಳಲ್ಲ. ನಾನು ಹಪ್ಪಳಕ್ಕೆ ರೇಟ್ ಏರಿಸಿದಾಗ "ಉದ್ದು ದುಬಾರಿ ಆಗಿದೆ" ಅಂತ ಅಷ್ಟೇ ಹೇಳಿದ್ದು, ಯಾರೂ ಬಿಟ್ಟು ಹೋಗ್ಲಿಲ್ಲ.

ಕ್ಯಾಪ್ಶನ್ ಬರೆಯೋರು: ಅಕ್ಕ, ನೀವು ಹೇಳದು ನಿಜ, ಆ ಪ್ರಶ್ನೆ ಬರುತ್ತೆ. ಅಳುಕಿದ್ರೆ ನೂರರ ಲೆಕ್ಕ ಬಿಟ್ಟು "ಬಾಟ್ಲಿಗೆ ಮಿಡಿ ಖರ್ಚೇ 60 ಏರಿದೆ" ಅಂತ ಇಷ್ಟೇ ಬರೀಬಹುದು, ಅದೂ ಪ್ರಾಮಾಣಿಕವೇ. ಪೂರ್ತಿ ಬಿಚ್ಚಿಡದು ನನ್ನ ಪದ್ಧತಿ, ಎಲ್ಲರಿಗೂ ಒಗ್ಗಲ್ಲ.

ಕೇಳಿದವರು: ನಾನು ಪೂರ್ತಿನೇ ಹಾಕ್ತೀನಿ, ಕೇಳಿದೋರಿಗೆ ಹೇಳ್ತೀನಿ. ವಾಟ್ಸಾಪ್‌ಗೂ ಇದೇ ಸ್ಟೇಟಸ್ ಹಾಕಿದ್ರೆ ಸಾಕಾ?

ಕ್ಯಾಪ್ಶನ್ ಬರೆಯೋರು: ಸ್ಟೇಟಸ್ 24 ಗಂಟೇಲಿ ಹೋಗುತ್ತೆ. ಬ್ರಾಡ್‌ಕಾಸ್ಟ್ ಮಾಡಿದ್ರೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಸೇರದು. ಖಾಯಂ ಜನ ಎಷ್ಟಿದಾರೆ, ಐವತ್ತಾ, ಅರವತ್ತಾ? ಒಬ್ಬೊಬ್ರಿಗೇ ಕಳ್ಸಿ, ಎರಡು ಸಂಜೆ ಕೆಲ್ಸ. ಆಮೇಲೆ 10ನೇ ತಾರೀಕು ಕೂತು ಹೈಲೈಟ್ಸಲ್ಲಿರೋ ರೇಟ್ ಕಾರ್ಡು, ಕ್ಯಾಟಲಾಗು, 320 ಅಂತ ಬರೆದ ಹಳೇ ಪೋಸ್ಟಿನ ಕ್ಯಾಪ್ಶನ್ನು, ಎಲ್ಲ ತಿದ್ದಿ. ಆ ಬೇಕರೀಲಿ ಹೈಲೈಟ್ಸ್ ಮರ್ತಿದ್ವಿ, ಒಬ್ರು ಅದ್ರ ಸ್ಕ್ರೀನ್‌ಶಾಟ್ ತೋರಿಸಿ ಹಳೇ ರೇಟೇ ಕೇಳಿದ್ರು, ಕೊಟ್ವಿ. ನಿಮ್ಗೂ ಹಂಗೆ ಯಾರಾದ್ರೂ ತೋರಿಸಿದ್ರೆ ವಾದ ಮಾಡ್ದೆ 320ಕ್ಕೇ ಕೊಡಿ, ಮತ್ತೆ ಆ ಪೋಸ್ಟ್ ಆ ಕ್ಷಣಾನೇ ತಿದ್ದಿ.