ಹೊಟ್ಟೆಯ ಒಂದೇ ಜಾಗದಲ್ಲಿ ನೋವು, ಬಿಗಿ ಹಿಡಿದರೆ ಜಾಸ್ತಿ: ನರದ್ದಾ, ಒಳಗಿನದಾ?

ಪ್ರಶ್ನೆ: ಹೊಕ್ಕುಳಿಂದ ಬಲಕ್ಕೆ ಮೂರು ಬೆರಳು ಆಚೆ, ಸ್ವಲ್ಪ ಕೆಳಗೆ ನೋವಿದೆ. ಬೆರಳ ತುದಿ ಇಟ್ಟು ತೋರಿಸಬಲ್ಲೆ, ಅಷ್ಟೇ ಜಾಗ. ಎರಡು ಮೂರು ತಿಂಗಳಾಗಿದೆ. ಹಾಸಿಗೆಯಿಂದ ಏಳುವಾಗ, ಕೆಮ್ಮುವಾಗ ಚುಚ್ಚಿದ ಹಾಗಾಗುತ್ತದೆ. ಸ್ಕ್ಯಾನ್, ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ನಾರ್ಮಲ್. ಗ್ಯಾಸ್ ಮಾತ್ರೆಯಿಂದ ಏನೂ ಪ್ರಯೋಜನ ಆಗಿಲ್ಲ. ಒಬ್ಬರು ಅಪೆಂಡಿಕ್ಸ್ ಅಂತಾರೆ, ಇನ್ನೊಬ್ಬರು ನರ ಅಂತಾರೆ. ಯಾವುದು ಅಂತ ಹೇಗೆ ತಿಳಿಯೋದು? ನನಗೆ 36 ವರ್ಷ, ಹೆಣ್ಣು.

ಒಬ್ಬ ಸದಸ್ಯರು: ಏಳುವಾಗ ನೋವು ಅಂದರೆ ಸ್ನಾಯು ಉಳುಕಿದೆ, ಅಷ್ಟೇ. ಒಳಗಿನ ನೋವು ಹೊಟ್ಟೆ ಬಿಗಿ ಹಿಡಿದರೆ ಜಾಸ್ತಿ ಆಗೋದೇ ಇಲ್ಲ. ಬಿಸಿನೀರಿನ ಶಾಖ ಕೊಡಿ, ಭಾರ ಎತ್ತಬೇಡಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಸರ್ಜನ್: ಮೇಲಿನವರ ಮಾತಿನಲ್ಲಿ ಅರ್ಧ ಸರಿ ಇದೆ. ಇನ್ನರ್ಧದಿಂದ ಅಪಾಯವಾಗಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಪರೀಕ್ಷೆ. ಮಂಡಿ ಸ್ವಲ್ಪ ಮಡಿಚಿ ಅಂಗಾತ ಮಲಗಿ. ಹೊಟ್ಟೆ ಸಡಿಲ ಬಿಡಿ. ನೋವಿನ ಜಾಗವನ್ನು ಒಂದೇ ಬೆರಳಿನಿಂದ ಹುಡುಕಿ, 'ಹಾ, ಇಲ್ಲೇ' ಅನಿಸುವವರೆಗೆ ಒತ್ತಿ. ಬೆರಳು ತೆಗೆಯಬೇಡಿ. ಅದೇ ಒತ್ತಡ ಇಟ್ಟುಕೊಂಡು, ಕೈ ಊರದೆ, ತಲೆ ಮತ್ತು ಭುಜ ಹಾಸಿಗೆಯಿಂದ ಸ್ವಲ್ಪ ಮೇಲೆತ್ತಿ. ಈಗ ಸ್ನಾಯು ಬಿಗಿಯಾಗಿ ನಿಮ್ಮ ಬೆರಳಿಗೂ ಕರುಳಿಗೂ ನಡುವೆ ಹಲಗೆಯಂತೆ ನಿಲ್ಲುತ್ತದೆ. ನೋವು ಒಳಗಿನದಾದರೆ ಈ ಹಲಗೆ ಅದನ್ನು ಕಾಯುತ್ತದೆ, ಒತ್ತಿದರೂ ನೋವು ತಗ್ಗುತ್ತದೆ. ನೋವು ಹಲಗೆಯಲ್ಲೇ ಇದ್ದರೆ ಹಾಗೇ ಉಳಿಯುತ್ತದೆ, ಇಲ್ಲವೇ ಜಾಸ್ತಿಯಾಗುತ್ತದೆ. ಇದಕ್ಕೆ ಕಾರ್ನೆಟ್ ಪರೀಕ್ಷೆ ಅಂತಾರೆ. 1926ರಲ್ಲಿ ಆ ಹೆಸರಿನ ಅಮೆರಿಕನ್ ಸರ್ಜನ್ ಬರೆದಿಟ್ಟದ್ದು.

ನರ ಅಲ್ಲೇ ಯಾಕೆ ಸಿಕ್ಕಿಕೊಳ್ಳುತ್ತದೆ ಅನ್ನೋದಕ್ಕೂ ಕಾರಣವಿದೆ. ಬೆನ್ನಿನಿಂದ ಹೊರಟ ನರಗಳು ಪಕ್ಕೆಯ ಸುತ್ತ ಬಳಸಿ ಹೊಟ್ಟೆಗೆ ಬರುತ್ತವೆ. ಹೊಕ್ಕುಳಿನ ಎರಡೂ ಕಡೆ ಮೇಲಿಂದ ಕೆಳಗೆ ಇಳಿಯುವ ಉದ್ದನೆಯ ಸ್ನಾಯುಗಳಿವೆಯಲ್ಲ, ಅವುಗಳ ಹೊರ ಅಂಚಿನ ಹತ್ತಿರ ನರದ ಕವಲು ತಟ್ಟನೆ ಮುಂದಕ್ಕೆ ತಿರುಗಿ, ನಾರಿನ ಸಣ್ಣ ಉಂಗುರದಂಥ ತೂತಿನಲ್ಲಿ ನುಸುಳಿ ಚರ್ಮಕ್ಕೆ ಬರುತ್ತದೆ. ಆ ತಿರುವಿನಲ್ಲಿ ಅದು ಒತ್ತಿಕೊಂಡರೆ ನೀವು ಹೇಳಿದಂಥ ನೋವೇ ಬರುತ್ತದೆ. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದದ್ದು ಇದರ ವಿರುದ್ಧ ಸಾಕ್ಷಿ ಅಲ್ಲ.

ಈಗ ಆ ಇನ್ನರ್ಧ. ಅಪೆಂಡಿಕ್ಸ್ ಊದಿ ಹೊಟ್ಟೆಯ ಒಳಪೊರೆಗೂ ಉರಿ ತಗುಲಿದ್ದರೆ ಬಿಗಿ ಹಿಡಿದಾಗ ನೋವು ಜಾಸ್ತಿಯಾಗಬಹುದು. ಹರ್ನಿಯಾದಲ್ಲೂ ಆಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಜೋರಾಗಿ ಕೆಮ್ಮಿದ ಮೇಲೆ ಸ್ನಾಯುವಿನೊಳಗೇ ರಕ್ತ ಕಟ್ಟಬಹುದು, ಆಗಲೂ ಹೀಗೇ. ಅಂದರೆ ಈ ಪರೀಕ್ಷೆ ಹೊಟ್ಟೆಯ ಗೋಡೆಯ ಕಡೆ, ಅಂದರೆ ಆಗ ಹೇಳಿದ ಹಲಗೆಯ ಕಡೆ, ಬೆರಳು ತೋರಿಸುತ್ತದೆ, ನರ ಅಂತ ಹೆಸರು ಹೇಳುವುದಿಲ್ಲ. ನೋವು ಶುರುವಾಗಿ ಒಂದೆರಡು ದಿನ ಮಾತ್ರ ಆಗಿದ್ದು, ಜ್ವರ, ವಾಂತಿ, ಊಟ ಸೇರದಿರುವುದು ಇದ್ದರೆ ಇದನ್ನು ಮನೆಯಲ್ಲಿ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬ ಸದಸ್ಯೆ: ನನಗೂ ಬಲಗಡೆಯೇ ನೋವಿತ್ತು ಸರ್. ಪಕ್ಕೆಲುಬಿನ ಕೆಳಗೆ, ಎಣ್ಣೆ ತಿಂಡಿ ತಿಂದ ಮೇಲೆ ಗಂಟೆಗಟ್ಟಲೆ. ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು, ಆಪರೇಷನ್ ಆಯ್ತು. ಇವರೂ ಅದನ್ನೇ ನೋಡಿಸಲಿ.

ಸರ್ಜನ್: ಮೇಡಂ, ನಿಮ್ಮದು ಬೇರೆ ಬಗೆ. ನಿಮ್ಮ ನೋವು ಊಟಕ್ಕೆ ಹೊಂದಿಕೊಂಡು ಬರುತ್ತಿತ್ತು, ಹೋಗುತ್ತಿತ್ತು. ಅಂಥದ್ದಕ್ಕೆ ಜನ ಅಂಗೈ ಇಟ್ಟು ತೋರಿಸುತ್ತಾರೆ, ಬೆರಳ ತುದಿ ಇಟ್ಟಲ್ಲ. ಇವರದ್ದು ಮೈ ಅಲುಗಿದಾಗ ಬರುತ್ತದೆ.

ಕೇಳಿದವರು: ಮಾಡಿ ನೋಡಿದೆ ಡಾಕ್ಟ್ರೇ. ಸುಮ್ಮನೆ ಒತ್ತಿದಾಗ ಹತ್ತರಲ್ಲಿ ಐದರಷ್ಟು ನೋವು. ತಲೆ ಎತ್ತಿದಾಗ ಎಂಟು, ಬೆರಳು ತೆಗೆದುಬಿಟ್ಟೆ. ಜ್ವರ, ವಾಂತಿ ಯಾವುದೂ ಇಲ್ಲ, ತೂಕವೂ ಇಳಿದಿಲ್ಲ. ಆದರೆ ಒಂದೊಂದು ದಿನ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಗ್ಯಾಸ್ ಅಂದರು ಅನಿಸುತ್ತದೆ.

ಸರ್ಜನ್: ಗೋಡೆಯ ಕಡೆಗೇ ವಾಲುತ್ತಿದೆ. ಇನ್ನೊಂದು ಸಣ್ಣದು ನೋಡಿ. ಆ ಜಾಗದ ಚರ್ಮವನ್ನು ಎರಡು ಬೆರಳಲ್ಲಿ ಹಗುರಾಗಿ ಚಿವುಟಿ ಎತ್ತಿ, ಎಡಗಡೆ ಅದೇ ಮಟ್ಟದಲ್ಲೂ ಚಿವುಟಿ. ಒದ್ದೆ ಹತ್ತಿ ಮುಟ್ಟಿಸಿ, ಎರಡೂ ಕಡೆ ತಣ್ಣಗೆ ಒಂದೇ ಥರ ಅನಿಸುತ್ತದಾ ನೋಡಿ. ನರ ಒತ್ತಿಕೊಂಡಿದ್ದರೆ ಚಿವುಟಿದ್ದು ಬಲಗಡೆ ವಿಪರೀತ ನೋಯಬಹುದು, ತಣ್ಣಗಿನದು ಮಂಕಾಗಿಯೋ ಉರಿಯಂತೆಯೋ ಅನಿಸಬಹುದು. ನೋವು ಚರ್ಮದ ಮೇಲೆ ಇದ್ದರೂ ಉಬ್ಬರ, ಹೊಟ್ಟೆ ತೊಳಸುವುದು ಜೊತೆಗೆ ಬರುವುದುಂಟು. ಆದ್ದರಿಂದ ಉಬ್ಬರ ಇದೆ ಅಂತ ನರವನ್ನು ಬಿಟ್ಟುಬಿಡಬೇಕಿಲ್ಲ. ಉಬ್ಬರ ಅದರಿಂದಲೇ ಬಂತಾ, ಬೇರೆಯದಾ ಅಂತ ಈಗ ಹೇಳಲಾರೆ.

ಫಿಸಿಯೊಥೆರಪಿಸ್ಟ್: ಒಂದು ಮಾತು ಸೇರಿಸಲಾ ಸರ್? ಬೆನ್ನಿನಲ್ಲೇ ನರದ ಬುಡ ಒತ್ತಿಕೊಂಡರೂ ಹೊಟ್ಟೆಯಲ್ಲಿ ನೋವು ಬರುತ್ತದೆ. ಬೆನ್ನು ನೋಡದೆ ನಿರ್ಧಾರ ಮಾಡಿದರೆ ತಪ್ಪಬಹುದು.

ಸರ್ಜನ್: ಸರಿಯಾದ ಮಾತು. ಬುಡದಿಂದ ಬಂದ ನೋವು ಸಾಮಾನ್ಯವಾಗಿ ಬೆನ್ನಿನಿಂದ ಮುಂದಕ್ಕೆ ಪಟ್ಟಿಯಂತೆ ಹರಿಯುತ್ತದೆ, ಮೈ ತಿರುಗಿಸಿದಾಗ ಜಾಸ್ತಿಯಾಗುತ್ತದೆ. ಬೆನ್ನೆಲುಬಿನ ಪಕ್ಕದಲ್ಲೂ ನೋವು ಇದೆಯಾ ಅಂತ ಒತ್ತಿ ನೋಡಬೇಕು. ಸಕ್ಕರೆ ಕಾಯಿಲೆ ಇದ್ದರೂ ಈ ನರಗಳು ಕೆಡಬಹುದು. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಮೊದಲೇ ಹೀಗೆ ನೋವು ಬರುತ್ತದೆ, ಆದರೆ ಅದು ಇಷ್ಟು ತಿಂಗಳು ಗುಳ್ಳೆಯಿಲ್ಲದೆ ಕಾಯುವುದಿಲ್ಲ.

ಕೇಳಿದವರು: ಚಿವುಟಿದ್ದು ಬಲಗಡೆ ಜಾಸ್ತಿ ನೋವಾಯಿತು. ತಣ್ಣಗಿನದು ಎರಡೂ ಕಡೆ ಒಂದೇ. ಬೆನ್ನು ಒತ್ತಿದರೆ ಏನೂ ಇಲ್ಲ. ಸಿಸೇರಿಯನ್ ಆಗಿದೆ, ಗಾಯದ ಗುರುತು ತುಂಬಾ ಕೆಳಗಿದೆ. ಮುಂದೆ ಏನು ಮಾಡಬೇಕು?

ಸರ್ಜನ್: ತಣ್ಣಗಿನದರಲ್ಲಿ ವ್ಯತ್ಯಾಸ ಇಲ್ಲ ಅಂತ ಬೇಸರ ಬೇಡ, ಎಲ್ಲರಲ್ಲೂ ಎಲ್ಲ ಲಕ್ಷಣ ಕಾಣುವುದಿಲ್ಲ. ಮುಟ್ಟಿನ ದಿನಗಳಲ್ಲಿ ನೋವು ಏರುತ್ತದಾ ಅಂತ ಗಮನಿಸಿ. ಗಾಯದ ಗುರುತಿನ ಹತ್ತಿರ ಗರ್ಭಕೋಶದ ಒಳಪದರದ ತುಣುಕು ಬೆಳೆದರೆ ಹಾಗಾಗುತ್ತದೆ. ನಿಮ್ಮ ಜಾಗ ಮೇಲಿದೆ, ಆದರೂ ಡಾಕ್ಟರಿಗೆ ತಿಳಿಸಿ.

ಮುಂದಿನ ಹೆಜ್ಜೆ ಒಂದು ಇಂಜೆಕ್ಷನ್. ನೋವಿನ ಜಾಗದಲ್ಲೇ, ಸ್ನಾಯುವಿನ ಮುಂದಿನ ಪೊರೆಯ ಮಟ್ಟಕ್ಕೆ ಮರಗಟ್ಟಿಸುವ ಲಿಡೊಕೇನ್ ಕೊಡುತ್ತಾರೆ. ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟರೆ ಆಳ ತಪ್ಪುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನೋವು ಅರ್ಧಕ್ಕಿಂತ ಕಡಿಮೆಯಾದರೆ ನರದ ಸಂದೇಹ ಗಟ್ಟಿಯಾಗುತ್ತದೆ. ಕೆಲವರಿಗೆ ಔಷಧ ಇಳಿದ ಮೇಲೂ ನೋವು ಹಿಂತಿರುಗುವುದಿಲ್ಲ. ಬಹಳಷ್ಟು ಜನಕ್ಕೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಅದರಿಂದಲೂ ನಿಲ್ಲದಿದ್ದರೆ ಆ ಕವಲನ್ನು ಕತ್ತರಿಸುವ ಸಣ್ಣ ಆಪರೇಷನ್ ಇದೆ. ಅದರ ನಂತರ ಅಷ್ಟು ಜಾಗದ ಚರ್ಮ ಜೋಮು ಹಿಡಿದಂತೆ ಉಳಿಯಬಹುದು, ಕೆಲವರಿಗೆ ನೋವು ಮರಳಿ ಬರುವುದೂ ಉಂಟು.

ಮೊದಲಿನ ಸದಸ್ಯರು: ಇಂಜೆಕ್ಷನ್ ಕೊಟ್ಟರೆ ಯಾವ ನೋವಾದರೂ ಕಡಿಮೆಯಾಗುತ್ತೆ ಅಲ್ವಾ? ಅದರಿಂದ ಏನು ಸಾಬೀತಾಯಿತು?

ಸರ್ಜನ್: ಒಳ್ಳೆ ಪ್ರಶ್ನೆ. ಬರೀ ಉಪ್ಪುನೀರು ಚುಚ್ಚಿದರೂ ಕೆಲವರಿಗೆ ಕಡಿಮೆಯಾಗುತ್ತದೆ, ನಿಜ. ಆದರೆ ಗೋಡೆಯಲ್ಲಿ ಕೊಟ್ಟ ಅಷ್ಟು ಔಷಧ ಒಳಗಿನ ಅಂಗವನ್ನು ಮರಗಟ್ಟಿಸುವುದಿಲ್ಲ. ಹಾಗಾಗಿ ಫಲಿತಾಂಶವನ್ನು ಉಳಿದ ಲಕ್ಷಣಗಳ ಜೊತೆ ಇಟ್ಟು ಓದಬೇಕು, ಒಂಟಿಯಾಗಿ ಅಲ್ಲ. ಕಡಿಮೆಯಾಗದಿದ್ದರೂ ನರ ಅಲ್ಲ ಅನ್ನಲಾಗದು, ಸೂಜಿ ಗುರಿ ತಪ್ಪಿರಬಹುದು.

ಕೇಳಿದವರು: ಸರಿ ಡಾಕ್ಟ್ರೇ, ಸರ್ಜನ್ ಒಬ್ಬರನ್ನು ನೋಡುತ್ತೇನೆ. ಹೋಗುವಾಗ ಏನಾದರೂ ಸಿದ್ಧಮಾಡಿಕೊಳ್ಳಬೇಕಾ?

ಸರ್ಜನ್: ನೋವಿನ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡು ಹೋಗಿ. ಮಲಗಿದಾಗ ಚರ್ಮ ಸರಿದು ಜಾಗ ತಪ್ಪುತ್ತದೆ, ಅಲ್ಲಿ ಮಲಗಿದ ಮೇಲೆ ಮತ್ತೊಮ್ಮೆ ಒತ್ತಿ ಚುಕ್ಕೆ ಸರಿಯಿದೆಯಾ ನೋಡಿಸಿ. ಅಂದು ನೋವಿನ ಮಾತ್ರೆ ತಗೊಳ್ಳದೇ ಹೋದರೆ ಒಳ್ಳೆಯದು, ಇಲ್ಲದಿದ್ದರೆ ಇಂಜೆಕ್ಷನ್ನಿನ ಮೊದಲು, ನಂತರದ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಮದ್ದಿಗೆ ಅಲರ್ಜಿ ಆಗಿದ್ದರೆ ಮೊದಲೇ ಹೇಳಿಬಿಡಿ.